ಕೆರೆ ಹೂಳೆತ್ತುವ ಮೊದಲ ಸಭೆಯಲ್ಲಿ ಸ್ವಾಗತ ಭಾಷಣ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನ ಕೆರೆ ಹೂಳೆತ್ತಬೇಕು ಅಂತ ಸಮಿತಿ ಆಗಿರುತ್ತದೆ, ಪಂಚಾಯಿತಿ ಒಪ್ಪಿರುತ್ತದೆ, ಹಿಟಾಚಿಯವನ ಹತ್ತಿರ ಮಾತೂ ಆಗಿರುತ್ತದೆ. ಇನ್ನು ಊರವರನ್ನೆಲ್ಲ ಸೇರಿಸಿ ಮೊದಲ ಸಭೆ ನಡೆಸಬೇಕು. ಆಗ ಯಾರೋ ಒಬ್ಬರು ನಿಮ್ಮ ಕಡೆ ಕೈ ತೋರಿಸಿ "ಸ್ವಾಗತ ನೀವೇ ಮಾಡಿಬಿಡಿ ಮೇಷ್ಟ್ರೇ" ಅಂತಾರೆ. ಹಾಗೆ ಸಿಕ್ಕಿಹಾಕಿಕೊಂಡವರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಬಯಲುಸೀಮೆಯ ಸಣ್ಣ ಕೆರೆಗಳನ್ನು ಮನಸ್ಸಲ್ಲಿ ಇಟ್ಟುಕೊಂಡು ಉತ್ತರ ಬರೆದಿದ್ದೇನೆ.

ಸ್ವಾಗತ ಅಂದರೆ ನಾಲ್ಕು ಒಳ್ಳೆ ಮಾತು, ಅಲ್ವಾ? ಅದಕ್ಕೂ ತಯಾರಿ ಬೇಕಾ?

ಬೇಕು. ಯಾಕೆ ಅಂದರೆ ಬಂದವರೆಲ್ಲ ಒಂದೇ ಕಾರಣಕ್ಕೆ ಬಂದಿರುವುದಿಲ್ಲ. ಅಚ್ಚುಕಟ್ಟಿನ ರೈತ ತೂಬಿನಲ್ಲಿ ನೀರು ಬರುತ್ತಾ ಅಂತ ಕೇಳೋಕೆ ಬಂದಿರುತ್ತಾನೆ. ಮೇಲಿನ ಕೆಂಪು ಮಣ್ಣಿನ ಹೊಲದವನಿಗೆ ಗೋಡು ಮಣ್ಣು ಬೇಕು. ಕೆರೆ ಅಂಚಿನ ಜಮೀನಿನವನು ತನ್ನ ಬೇಲಿ ಕೀಳ್ತಾರಾ ಅನ್ನೋ ಹೆದರಿಕೆಯಲ್ಲಿ ಕೂತಿರುತ್ತಾನೆ. ಇನ್ನು ಕೆಲವರು ಹೋದ ಪಂಚಾಯಿತಿ ಚುನಾವಣೆಯ ಲೆಕ್ಕ ಚುಕ್ತಾ ಮಾಡೋಕೇ ಬಂದಿರುತ್ತಾರೆ. ಈ ನಾಲ್ಕೂ ಜನಕ್ಕೆ ಇವತ್ತು ಏನು ತೀರ್ಮಾನ ಆಗುತ್ತೆ, ಏನು ಆಗಲ್ಲ ಅಂತ ಮೊದಲ ಐದಾರು ನಿಮಿಷದಲ್ಲೇ ಗೊತ್ತಾಗದಿದ್ದರೆ, ಯಾರ ಗಂಟಲು ದೊಡ್ಡದೋ ಅವರ ವಿಷಯವೇ ಇವತ್ತಿನ ವಿಷಯ ಆಗಿಬಿಡುತ್ತದೆ.

ನನ್ನ ಮೊದಲ ಸಭೆಯಲ್ಲಿ ಹೀಗೇ ಆಯಿತು. ಕೆರೆ ನಮ್ಮ ತಾಯಿ, ಹಿರಿಯರು ಕಟ್ಟಿದ ಪುಣ್ಯ ಅಂತೆಲ್ಲ ಚೆನ್ನಾಗಿಯೇ ಮಾತಾಡಿ ಕೂತೆ. ಇಪ್ಪತ್ತನೇ ನಿಮಿಷಕ್ಕೆ ಹಿಂದಿನ ಸಾಲಿನಿಂದ ಒಬ್ಬರು "ಮೊದಲು ಅವನ ತೆಂಗಿನ ತೋಟ ಖಾಲಿ ಮಾಡಿಸಿ, ಆಮೇಲೆ ಹೂಳು" ಅಂದರು. ಅಷ್ಟೇ. ಸಭೆ ಮುಗಿದೇ ಹೋಯಿತು. ಆ ವರ್ಷ ಒಂದು ಬಾಣಲಿ ಮಣ್ಣೂ ಎತ್ತಲಿಲ್ಲ.

ಸಭೆ ಯಾವ ಹೊತ್ತಿಗೆ ಕರೆಯೋದು ಒಳ್ಳೆಯದು?

ಸಂಜೆ ಡೈರಿಗೆ ಹಾಲು ಹಾಕಿ ಮುಗಿದ ಮೇಲೆ, ಏಳು ಗಂಟೆಗೆ. ಅದಕ್ಕೂ ಮುಂಚೆ ಕರೆದರೆ ಹೆಂಗಸರು ಬರಲ್ಲ, ಎಂಟೂವರೆ ದಾಟಿದರೆ ಯಾರೂ ನಿಲ್ಲಲ್ಲ. ಅಂದರೆ ನಿಮಗೆ ಸಿಗೋದು ಒಂದೂವರೆ ಗಂಟೆ. ಅದರಲ್ಲಿ ಸ್ವಾಗತಕ್ಕೆ ಆರು ನಿಮಿಷಕ್ಕಿಂತ ಜಾಸ್ತಿ ತಗೋಬೇಡಿ. ಮೈಕು ಬ್ಯಾಟರಿಯದ್ದಾಗಿರಲಿ, ಏಳು ಗಂಟೆಗೆ ಕರೆಂಟು ಹೋಗೋದು ಹೊಸದೇನಲ್ಲ.

ತಿಂಗಳು ಅಂದರೆ ಮಾರ್ಚ್. ಯಾಕೆ ಅಂತ ಕೆಳಗೆ ದಿನಗಳ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಮೊದಲು ಯಾರ ಹೆಸರು ಹೇಳಬೇಕು?

ಎಲ್ಲರಿಗೂ ತಲೆನೋವು ಇದೇ. ಅಧ್ಯಕ್ಷರು, ಉಪಾಧ್ಯಕ್ಷರು, ಪಿಡಿಒ, ಮಾಜಿ ಅಧ್ಯಕ್ಷರು, ದೇವಸ್ಥಾನದ ಧರ್ಮದರ್ಶಿಗಳು ಅಂತ ಹದಿನೈದು ಹೆಸರು ಓದಿ ಒಬ್ಬರನ್ನು ಬಿಟ್ಟರೆ, ಆ ಒಬ್ಬರು ಸಭೆ ಮುಗಿಯೋವರೆಗೂ ಮುಖ ಊದಿಸಿಕೊಂಡು ಕೂರುತ್ತಾರೆ. ನಾನೊಮ್ಮೆ ಬಿಟ್ಟಿದ್ದೇನೆ, ಅನುಭವದ ಮಾತು.

ಅದಕ್ಕೆ ಈಗ ಎರಡೇ ಹೆಸರು ಹೇಳುತ್ತೇನೆ. ಮೊದಲನೆಯದು ನೀರುಗಂಟಿಯದು. ತೂಬು ತೆಗೆದು ಗದ್ದೆ ಗದ್ದೆಗೆ ನೀರು ಬಿಡುತ್ತಿದ್ದವರು, ಈಗ ಕೆಲಸ ಇಲ್ಲದಿದ್ದರೂ ಅವರ ಮನೆಯವರು ಊರಲ್ಲಿ ಇದ್ದೇ ಇರುತ್ತಾರೆ. ಕೆರೆ ಎಲ್ಲಿ ಆಳ, ಎಲ್ಲಿ ಸವಳು, ಕೋಡಿ ಕೊನೆಗೆ ಬಿದ್ದದ್ದು ಯಾವಾಗ ಅನ್ನೋದು ಅವರಿಗೆ ಗೊತ್ತಿರುವಷ್ಟು ಇಂಜಿನಿಯರಿಗೂ ಗೊತ್ತಿರಲ್ಲ. ಎರಡನೆಯದು ಪಂಚಾಯಿತಿ ಅಧ್ಯಕ್ಷರದು, ಕೆರೆ ಅವರ ಸುಪರ್ದಿನಲ್ಲಿದ್ದರೆ. ಉಳಿದವರಿಗೆ "ಊರಿನ ಹಿರಿಯರಿಗೆ, ಅಕ್ಕತಂಗಿಯರಿಗೆ, ಎಲ್ಲರಿಗೂ" ಅಂದರೆ ಸಾಕು. ನೀರುಗಂಟಿ ಹೆಸರು ಮೊದಲು ಬಂದಾಗ ಮಿಕ್ಕವರು ತಮ್ಮ ಹೆಸರು ಎಷ್ಟನೆಯದು ಅಂತ ಎಣಿಸೋದನ್ನು ಬಿಡುತ್ತಾರೆ, ನೋಡಿ ಬೇಕಾದರೆ.

ಸುಪರ್ದು ಯಾರದ್ದು ಅಂತ ಮುಂಚೆಯೇ ವಿಚಾರಿಸಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆ ಸಾಮಾನ್ಯವಾಗಿ ಪಂಚಾಯಿತಿ ಕಡೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಇಲಾಖೆಯ ಕೆರೆಗೆ ಪಂಚಾಯಿತಿ ಅನುಮತಿ ಕೊಟ್ಟಿದೆ ಅಂತ ಮೈಕಲ್ಲಿ ಹೇಳಿದರೆ ಮಾರನೇ ದಿನ ಹಿಟಾಚಿ ನಿಲ್ಲುತ್ತದೆ.

ಉದ್ದೇಶ ಹೇಳುವಾಗ "ಅಂತರ್ಜಲ ವೃದ್ಧಿ" ಅಂದರೆ ಸಾಲದಾ?

ಸಾಲದು. ಆ ಮಾತು ಕೇಳಿ ಕೇಳಿ ಜನರ ಕಿವಿ ಜಡ್ಡುಗಟ್ಟಿದೆ. ಉದ್ದೇಶವನ್ನು ಅಳತೆಯಲ್ಲಿ ಹೇಳಿ. ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕೋಣ.

ಕೆರೆ ಅಂಗಳ 12 ಎಕರೆ ಇದೆ, ಅದರಲ್ಲಿ ಹೂಳು ಜಾಸ್ತಿ ನಿಂತಿರುವ 4 ಎಕರೆಯಲ್ಲಿ 2 ಅಡಿ ತೆಗೆಯುತ್ತೇವೆ ಅಂದುಕೊಳ್ಳಿ. ಒಂದು ಎಕರೆ ಅಂದರೆ 43,560 ಚದರ ಅಡಿ. ನಾಲ್ಕು ಎಕರೆ, ಎರಡು ಅಡಿ ಆಳ, ಒಟ್ಟು 3,48,480 ಘನ ಅಡಿ. ಅಷ್ಟು ಜಾಗದಲ್ಲಿ ಮಣ್ಣಿನ ಬದಲು ನೀರು ನಿಂತರೆ ಸುಮಾರು 99 ಲಕ್ಷ ಲೀಟರ್. ಕೆರೆ ಒಂದು ಸಲ ತುಂಬಿದಾಗ ಒಂದು ಕೋಟಿ ಲೀಟರ್ ಹತ್ತಿರ ಜಾಸ್ತಿ ನಿಲ್ಲುತ್ತದೆ ಅಂತ ಹೇಳಿ, ಎಲ್ಲರಿಗೂ ಅರ್ಥವಾಗುತ್ತದೆ.

ಆದರೆ ಜನ ನಿಜವಾಗಿ ಕೇಳೋದು ನೀರಿನ ಲೆಕ್ಕವನ್ನಲ್ಲ, ಲೋಡಿನ ಲೆಕ್ಕವನ್ನು. ಟ್ರಾಕ್ಟರ್ ಟ್ರೇಲರ್‌ಗೆ ಸುಮಾರು 100 ಘನ ಅಡಿ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ, ನಿಮ್ಮೂರಿನದನ್ನು ಟೇಪ್ ಹಿಡಿದು ಅಳೆದೇ ಹೇಳಿ. ಹಾಗೆ 3,485 ಲೋಡು ಆಯಿತು. ಗಟ್ಟಿಯಾಗಿ ಕೂತ ಮಣ್ಣು ಕಿತ್ತರೆ ಸಡಿಲವಾಗಿ ಊದಿಕೊಳ್ಳುತ್ತೆ, ಐದರಲ್ಲಿ ಒಂದು ಪಾಲು ಜಾಸ್ತಿ ಅಂತ ಸೇರಿಸಿದರೆ 4,200 ಲೋಡಿನ ಹತ್ತಿರ. ಸೇರಿಸದೆ 3,500 ಅಂತ ಹೇಳಿದಿರೋ, ಮೇ ತಿಂಗಳಲ್ಲಿ ಮಿಕ್ಕ 700 ಲೋಡು ಎಲ್ಲಿಗೆ ಹೋಯ್ತು, ಯಾರಿಗೆ ಮಾರಿದಿರಿ ಅಂತ ಕೇಳುತ್ತಾರೆ. ಆಗ ಮಣ್ಣು ಊದಿಕೊಳ್ಳುತ್ತೆ ಸ್ವಾಮಿ ಅಂದರೆ ಯಾರೂ ನಂಬಲ್ಲ.

ಎಷ್ಟು ದಿನದ ಕೆಲಸ ಅಂತ ಮೊದಲೇ ಹೇಳಬಹುದಾ?

ಹೇಳಿ, ಆದರೆ ಧಾರಾಳವಾಗಿ ಹೇಳಿ. ಹತ್ತು ಟ್ರಾಕ್ಟರ್, ದಿನಕ್ಕೆ ತಲಾ 12 ಟ್ರಿಪ್, ಅಂದರೆ ದಿನಕ್ಕೆ 120 ಲೋಡು. 4,200 ಲೋಡಿಗೆ 35 ದಿನ. ಒಂದು ಲೋಡು ತುಂಬೋಕೆ ಹಿಟಾಚಿಗೆ, ಟ್ರಾಕ್ಟರ್ ಬಂದು ನಿಲ್ಲೋದೂ ಸೇರಿ, ಐದು ನಿಮಿಷ ಹಿಡಿದರೂ 120 ಲೋಡಿಗೆ ಹತ್ತು ಗಂಟೆ. ಅಂದರೆ ಡ್ರೈವರ್ ಊಟಕ್ಕೆ ಇಳಿಯದೆ, ಪೈಪು ಒಡೆಯದೆ, ಊರಲ್ಲಿ ಸಾವು ಮದುವೆ ಆಗದೆ ಇದ್ದರೆ ಮಾತ್ರ 35. ಸಭೆಯಲ್ಲಿ 45 ಅಂತಲೇ ಹೇಳಿ.

ಏಪ್ರಿಲ್ ಒಂದಕ್ಕೆ ಶುರುವಾದರೆ ಮೇ ಮಧ್ಯಕ್ಕೆ ಮುಗಿಯುತ್ತೆ. ಅಷ್ಟರಲ್ಲಿ ಭರಣಿ ಮಳೆ ಕಳೆದು ಕೃತ್ತಿಕಾ ನಡೆಯುತ್ತಿರುತ್ತದೆ. ಒಂದು ಜೋರು ಮಳೆ ಬಿದ್ದರೆ ಅಂಗಳ ಕೆಸರಾಗಿ ಟ್ರಾಕ್ಟರ್ ಇಳಿಯೋಕೆ ಆಗಲ್ಲ, ಒಣಗೋಕೆ ನಾಲ್ಕೈದು ದಿನ ಬೇಕಾಗುತ್ತದೆ. ಸಭೆ ಮಾರ್ಚಲ್ಲೇ ಆಗಲಿ ಅಂದದ್ದು ಇದಕ್ಕೇ. ಏಪ್ರಿಲ್ ಕೊನೆಗೆ ಸಭೆ ಕರೆದವರು ರೋಹಿಣಿ ಮಳೆಯಲ್ಲಿ ಅರ್ಧ ಕೆಲಸ ಬಿಟ್ಟು ಬರುತ್ತಾರೆ.

ಒತ್ತುವರಿ ವಿಷಯ ಎತ್ತಲೇಬಾರದಾ?

ಎತ್ತಬೇಕು, ನೀವೇ ಎತ್ತಬೇಕು, ಬೇರೆಯವರು ಎತ್ತೋದಕ್ಕೆ ಮುಂಚೆ. ಮುಚ್ಚಿಟ್ಟರೆ ಸಮಿತಿಯವರೂ ಅವರ ಜೊತೆ ಸೇರಿಕೊಂಡಿದ್ದಾರೆ ಅಂತ ಮಾತು ಹಬ್ಬುತ್ತದೆ. ಒತ್ತುವರಿ ಇದೆಯೋ ಇಲ್ಲವೋ ಹೇಳೋದು ಸರ್ವೆಯರ್ ಕೆಲಸ, ತೆರವು ಮಾಡಿಸೋದು ತಹಶೀಲ್ದಾರ್ ಕೆಲಸ, ಊರ ಸಭೆಯ ಕೆಲಸ ಅಲ್ಲ ಅಂತ ನೇರವಾಗಿ ಹೇಳಿಬಿಡಿ. ಅದರ ಜೊತೆಗೆ ಹದ್ದುಬಸ್ತಿಗೆ ಅರ್ಜಿ ಕೊಟ್ಟ ದಿನಾಂಕ, ಅರ್ಜಿಯ ನಕಲು ಕೈಯಲ್ಲಿ ಇರಲಿ. ಬರೀ "ಸರ್ವೆ ಮಾಡಿಸ್ತೀವಿ" ಅಂದರೆ ನಗುತ್ತಾರೆ. ಕಾಗದ ಎತ್ತಿ ತೋರಿಸಿದರೆ ಸುಮ್ಮನಾಗುತ್ತಾರೆ.

ಸರ್ವೆ ಆಗೋವರೆಗೂ ಹಿಟಾಚಿ ಅಂಚಿಗೆ ಹೋಗುವುದಿಲ್ಲ, ನಡುವಿನ 4 ಎಕರೆಯಲ್ಲೇ ಕೆಲಸ ಅನ್ನೋದನ್ನೂ ಸೇರಿಸಿ. ಇದರಿಂದ ಅಂಚಿನ ಜಮೀನಿನವನಿಗೂ ಅವತ್ತು ರಾತ್ರಿ ನಿದ್ದೆ ಬರುತ್ತದೆ.

ಯಾವ ವಿಷಯ ಮೊದಲು, ಯಾವುದು ಕೊನೆಗೆ?

ಎಲ್ಲಿ ತೆಗೀತೀವಿ ಎಲ್ಲಿ ತೆಗೆಯಲ್ಲ ಅನ್ನೋದು ಮೊದಲು. ಆಮೇಲೆ ದುಡ್ಡು. ಮೂರನೆಯದು ಗೋಡು ಮಣ್ಣಿನ ಹಂಚಿಕೆ. ಕೊನೆಗೆ ದಿನಾ ಕೆರೆ ಹತ್ತಿರ ಯಾರು ನಿಂತು ಲೋಡು ಬರೆದುಕೊಳ್ಳೋದು ಅನ್ನೋ ಪಾಳಿ. ಈ ಕ್ರಮ ಸುಮ್ನೆ ಇಟ್ಟದ್ದಲ್ಲ.

ಮಣ್ಣಿನ ಹಂಚಿಕೆಯನ್ನು ಮೊದಲಿಗೆ ಇಟ್ಟು ನೋಡಿದ್ದೇನೆ. ಒಟ್ಟು ಎಷ್ಟು ಲೋಡು ಅಂತ ಗೊತ್ತಿಲ್ಲದೆ ಹಂಚೋಕೆ ಕೂತರೆ ಎಲ್ಲರೂ ಜಾಸ್ತಿ ಕೇಳುತ್ತಾರೆ. ಒಬ್ಬರು ಇನ್ನೂರು ಲೋಡು ಅಂದರೆ ಪಕ್ಕದವರು ಮುನ್ನೂರು. ಅದೇ ಅಳತೆ ಮೊದಲು ಆಗಿ 4,200 ಅಂತ ಗೊತ್ತಾದರೆ ಮಾತು ಬೇರೆ ದಾರಿ ಹಿಡಿಯುತ್ತದೆ. 60 ಮನೆಯವರು ಕೇಳಿದರೆ ಮನೆಗೆ 70 ಲೋಡು. ಒಂದು ಎಕರೆಗೆ ಒಂದು ಇಂಚು ದಪ್ಪ ಹರಡೋಕೆ 36 ಲೋಡು ಸಾಕು, ಅಂದರೆ 70 ಲೋಡಲ್ಲಿ ಹತ್ತಿರ ಹತ್ತಿರ ಎರಡು ಎಕರೆ ಆಗುತ್ತದೆ. ಸಣ್ಣ ರೈತನಿಗೆ ಅದೇ ಸಮಾಧಾನ.

ದುಡ್ಡಿನ ಮಾತು ಹಂಚಿಕೆಗಿಂತ ಮುಂಚೆ ಬರಬೇಕು ಅನ್ನೋದಕ್ಕೂ ಕಾರಣ ಇದೆ. ಬಹಳ ಕಡೆ ಹಿಟಾಚಿ ಬಾಡಿಗೆ ಸಮಿತಿಯದ್ದು, ಟ್ರಾಕ್ಟರ್ ಸಾಗಾಣಿಕೆ ರೈತನದ್ದೇ. ಇದನ್ನು ಮೊದಲು ಹೇಳಿದರೆ ಮುನ್ನೂರು ಲೋಡು ಕೇಳಬೇಕು ಅಂತಿದ್ದವರು ಡೀಸೆಲ್ ಲೆಕ್ಕ ಹಾಕಿ ತಾವಾಗಿಯೇ ಎಂಬತ್ತಕ್ಕೆ ಇಳಿಯುತ್ತಾರೆ.

ಪಾಳಿ ಕೊನೆಗೆ ಯಾಕೆ? ತನಗೆ ಮಣ್ಣು ಸಿಗುತ್ತೆ ಅಂತ ಖಾತ್ರಿಯಾದವನು ಮಾತ್ರ ಬಿಸಿಲಲ್ಲಿ ನಿಂತು ಲೋಡು ಎಣಿಸೋಕೆ ಒಪ್ಪುತ್ತಾನೆ.

"ಎಲ್ಲಿ ತೆಗೆಯಲ್ಲ" ಅನ್ನೋದನ್ನು ಸ್ವಾಗತದಲ್ಲೇ ಹೇಳೋದು ಯಾಕೆ? ಅದು ಇಂಜಿನಿಯರ್ ಹೇಳೋ ಮಾತಲ್ವಾ?

ವಿವರ ಅವರೇ ಹೇಳಲಿ. ಆದರೆ ಏರಿ ಬುಡ ಮುಟ್ಟಲ್ಲ, ತೂಬಿನ ಮಟ್ಟಕ್ಕಿಂತ ಕೆಳಗೆ ಹೋಗಲ್ಲ, ದಡದ ಹತ್ತಿರ ನೆಟ್ಟಗೆ ಕಡಿಯಲ್ಲ, ಈ ಮೂರು ಮಾತನ್ನು ನೀವೇ ಹೇಳಿ. ಏರಿ ಬುಡದಲ್ಲಿ ಒಳ್ಳೆ ಜೇಡಿ ಸಿಗುತ್ತೆ ಅಂತ ಡ್ರೈವರ್ ಕೈ ಹಾಕಿದರೆ ತುಂಬಿದ ಕೆರೆಗೆ ಏರಿ ಜಾರುತ್ತದೆ. ತೂಬಿಗಿಂತ ಕೆಳಗೆ ನಿಂತ ನೀರು ತೂಬಿನಲ್ಲಿ ಹರಿದು ಗದ್ದೆಗೆ ಬರಲ್ಲ. ದಡ ಇಳಿಜಾರಾಗಿ ಇರದಿದ್ದರೆ ನೀರು ಕುಡಿಯೋಕೆ ಇಳಿದ ಎಮ್ಮೆ ಸಿಕ್ಕಿಕೊಳ್ಳುತ್ತದೆ, ಈಜೋಕೆ ಹೋದ ಮಕ್ಕಳು ಗುಂಡಿಯಲ್ಲಿ ಮುಳುಗುತ್ತಾರೆ. ಊರವರೆಲ್ಲ ಕೇಳಿಸಿಕೊಂಡಿದ್ದರೆ, ಹಿಟಾಚಿ ಏರಿ ಕಡೆ ತಿರುಗಿದ ತಕ್ಷಣ ದನ ಕಾಯೋ ಹುಡುಗನೂ ಕೂಗು ಹಾಕುತ್ತಾನೆ.

ಸಭೆಯ ನಿಯಮ ಅಂದರೆ ಜನ ಸಿಟ್ಟಾಗಲ್ವಾ? ನಮಗೇ ಪಾಠ ಹೇಳ್ತಾನೆ ಅಂತ?

ಪಾಠದ ಧಾಟಿಯಲ್ಲಿ ಹೇಳಿದರೆ ಖಂಡಿತ ಆಗುತ್ತಾರೆ. ನಿಯಮ ಕಡಿಮೆ ಇರಲಿ, ಪ್ರತಿಯೊಂದಕ್ಕೂ ಕಾರಣ ಇರಲಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬೇಡ, ನಡಾವಳಿ ಬರೆಯೋರಿಗೆ ಕೇಳಿಸಲ್ಲ. ಎದ್ದು ನಿಂತು ಹೆಸರು ಹೇಳಿ ಮಾತಾಡಿ, ಪುಸ್ತಕದಲ್ಲಿ ಹೆಸರು ಬರುತ್ತೆ. ಎರಡು ನಿಮಿಷ ಒಬ್ಬರಿಗೆ, ಎಂಟೂವರೆಗೆ ಎಲ್ಲರೂ ಊಟಕ್ಕೆ ಹೋಗಬೇಕು. ಪಾರ್ಟಿ ಮಾತು ಏರಿ ಆಚೆಗೆ. ಕುಡಿದು ಬಂದವರ ವಿಷಯ ಮೈಕಲ್ಲಿ ಹೇಳೋ ನಿಯಮ ಅಲ್ಲ. ಅವರ ಪಕ್ಕ ಅವರ ಸೋದರಮಾವನನ್ನು ಕೂರಿಸಿದರೆ ಸಾಕು.

ಹಾಜರಿ ಪುಸ್ತಕಕ್ಕೆ ಸಹಿ ಹಾಕೋಕೆ ಜನ ಹಿಂಜರೀತಾರೆ. ಏನು ಮಾಡೋದು?

ಹಿಂಜರಿಯೋದು ಸರಿಯೇ. ಬಾಗಿಲಲ್ಲಿ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು, ಆಮೇಲೆ ಮೇಲೆ "ಸರ್ವಾನುಮತದಿಂದ ಒಪ್ಪಲಾಗಿದೆ" ಅಂತ ಬರೆದುಕೊಂಡದ್ದನ್ನು ಜನ ಕಂಡಿದ್ದಾರೆ. ಎರಡು ಪುಸ್ತಕ ಇಡಿ. ಒಂದರ ಪ್ರತಿ ಪುಟದ ಮೇಲೂ "ಹಾಜರಿ ಮಾತ್ರ" ಅಂತ ಮೊದಲೇ ಬರೆದಿರಲಿ. ಇನ್ನೊಂದು ನಡಾವಳಿ ಪುಸ್ತಕ. ತೀರ್ಮಾನ ಬರೆದು, ಗಟ್ಟಿಯಾಗಿ ಓದಿ, ಕೊನೆ ಸಾಲಿನ ಕೆಳಗೆ ಅಡ್ಡಗೆರೆ ಎಳೆದ ಮೇಲೆ ಮಾತ್ರ ಅದಕ್ಕೆ ಸಹಿ. ಈ ಅಡ್ಡಗೆರೆ ವಿಷಯವನ್ನು ಸ್ವಾಗತದಲ್ಲೇ ಹೇಳಿ, ಪುಸ್ತಕ ಎತ್ತಿ ತೋರಿಸಿ. ಒಂದು ಊರಲ್ಲಿ ಇಷ್ಟು ಹೇಳಿದ್ದಕ್ಕೇ ಬಾಗಿಲ ಹತ್ತಿರ ನಿಂತಿದ್ದ ಏಳೆಂಟು ಜನ ಒಳಗೆ ಬಂದು ಕೂತರು.

ಹೆಂಗಸರು ಬರ್ತಾರೆ, ಆದರೆ ಮಾತಾಡಲ್ಲ.

"ಹೆಣ್ಣುಮಕ್ಕಳೂ ಮಾತಾಡಬಹುದು" ಅಂತ ಬರೀ ಬಾಯಿಮಾತಿಗೆ ಹೇಳಿದರೆ ಯಾರೂ ಮಾತಾಡಲ್ಲ. ಒಂದು ವಿಷಯ ಅವರದ್ದೇ ಅಂತ ಬಿಡಿ. ಬಟ್ಟೆ ಒಗೆಯೋ ಕಲ್ಲು ಎಲ್ಲಿರಬೇಕು, ದನ ಇಳಿಯೋ ದಾರಿ ಎಲ್ಲಿ ಅನ್ನೋದನ್ನು ಮೊದಲು ಹೇಳೋದು ಅವರು ಅಂತ ಸ್ವಾಗತದಲ್ಲೇ ಸಾರಿಬಿಡಿ. ಕೂರಿಸೋದೂ ಮುಂದಿನ ಸಾಲಲ್ಲಿ, ಗೋಡೆ ಪಕ್ಕ ಅಲ್ಲ.

ಪೂರ್ತಿ ಭಾಷಣದ ಒಂದು ಮಾದರಿ ಕೊಡ್ತೀರಾ?

ನಾನು ಮಾತಾಡೋದು ಹೆಚ್ಚು ಕಡಿಮೆ ಹೀಗೆ. ಅಂಕಿಗಳು ಮೇಲಿನ ಉದಾಹರಣೆಯವು.

"ಎಲ್ಲರಿಗೂ ನಮಸ್ಕಾರ. ಹಾಲು ಹಾಕಿ ನೇರವಾಗಿ ಇಲ್ಲಿಗೆ ಬಂದಿದ್ದೀರಿ, ಎಂಟೂವರೆಗೆ ಬಿಟ್ಟುಬಿಡ್ತೀವಿ. ನಮ್ಮ ನೀರುಗಂಟಿ ಅಜ್ಜ ಬಂದಿದ್ದಾರೆ, ಪಂಚಾಯಿತಿ ಅಧ್ಯಕ್ಷರು ಬಂದಿದ್ದಾರೆ, ಊರಿನ ಹಿರಿಯರು, ಅಕ್ಕತಂಗಿಯರು ಎಲ್ಲ ಬಂದಿದ್ದೀರಿ, ಬನ್ನಿ ಕೂತ್ಕೊಳ್ಳಿ.

ನಾವು ಸೇರಿರೋದು ಕೆರೆ ಹೂಳೆತ್ತೋ ಕೆಲಸ ಹೇಗೆ ನಡೀಬೇಕು ಅಂತ ತೀರ್ಮಾನ ಮಾಡೋಕೆ. ತೆಗೀಬೇಕಾ ಬೇಡ್ವಾ ಅನ್ನೋದು ಗ್ರಾಮಸಭೆಯಲ್ಲೇ ಆಗಿದೆ, ಅದನ್ನ ಮತ್ತೆ ಎತ್ತೋದು ಬೇಡ. ನಾಲ್ಕು ಎಕರೆ, ಎರಡು ಅಡಿ, ನಾಲ್ಕು ಸಾವಿರದ ಇನ್ನೂರು ಲೋಡು, ನಲವತ್ತೈದು ದಿನ. ಏರಿ ಬುಡ ಮುಟ್ಟಲ್ಲ, ತೂಬಿನ ಮಟ್ಟ ದಾಟಲ್ಲ, ದಡ ಇಳಿಜಾರು ಬಿಡ್ತೀವಿ.

ಒತ್ತುವರಿ ಮಾತು ಎಲ್ಲರ ಮನಸ್ಸಲ್ಲೂ ಇದೆ, ನನಗೂ ಗೊತ್ತು. ಹದ್ದುಬಸ್ತಿಗೆ ಅರ್ಜಿ ಹೋಗಿದೆ, ನೋಡಿ, ಇದೇ ನಕಲು, ಇಲ್ಲೇ ಇಟ್ಟಿರ್ತೀನಿ, ಯಾರು ಬೇಕಾದರೂ ಓದಿ. ಸರ್ವೆಯರ್ ಬರೋವರೆಗೂ ಅಂಚಿಗೆ ಮಿಷನ್ ಹೋಗಲ್ಲ. ಇವತ್ತು ಅದರ ತೀರ್ಮಾನ ಇಲ್ಲ.

ಮೊದಲು ಎಲ್ಲಿ ತೆಗೀಬೇಕು ಅಂತ ಮಾತಾಡೋಣ, ಆಮೇಲೆ ಖರ್ಚು, ಆಮೇಲೆ ಮಣ್ಣು ಹಂಚೋದು, ಕೊನೆಗೆ ಪಾಳಿ. ಮಣ್ಣಿನ ಮಾತು ಮೂರನೇದು, ಅಲ್ಲಿವರೆಗೂ ಸ್ವಲ್ಪ ತಡ್ಕೊಳ್ಳಿ. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ ಎರಡು ನಿಮಿಷ ಮಾತಾಡಿ. ಬಟ್ಟೆ ಕಲ್ಲು, ದನದ ದಾರಿ ಎಲ್ಲಿ ಅಂತ ಮೊದಲು ಹೆಣ್ಣುಮಕ್ಕಳು ಹೇಳ್ತಾರೆ. ಬಾಗಿಲಲ್ಲಿ ಹಾಕಿದ್ದು ಹಾಜರಿ ಸಹಿ ಅಷ್ಟೇ. ತೀರ್ಮಾನ ಈ ಪುಸ್ತಕದಲ್ಲಿ ಬರೆದು, ಓದಿ, ಅಡ್ಡಗೆರೆ ಎಳೆದ ಮೇಲೆ ಒಪ್ಪಿದವರು ಸಹಿ ಹಾಕಿ. ಒಪ್ಪದೆ ಇದ್ದರೆ ಒಪ್ಪಿಲ್ಲ ಅಂತಲೇ ಬರೆಸಿ."

ಇದು ಮೂರು ನಿಮಿಷವೂ ಆಗಲ್ಲ. ಆರು ನಿಮಿಷ ಅಂದದ್ದು ಮಧ್ಯೆ ಬರೋ ಕೆಮ್ಮು, ಮೈಕಿನ ಕೂಗು, ಇನ್ನೊಂದು ಸಲ ಹೇಳಿ ಅನ್ನೋದು ಸೇರಿ.

ಮಧ್ಯೆ ದೊಡ್ಡವರು ಯಾರಾದರೂ ಬಂದರೆ ಮತ್ತೆ ಸ್ವಾಗತ ಮಾಡಬೇಕಾ?

ಕುರ್ಚಿ ಕೊಡಿ, ನಮಸ್ಕಾರ ಹೇಳಿ, "ಈಗ ಎರಡನೇ ವಿಷಯ ನಡೀತಿದೆ" ಅಂತ ಒಂದು ಸಾಲು ಹೇಳಿ ಮುಂದುವರಿಸಿ. ಹಾರ ಶಾಲು ತಂದಿದ್ದರೆ ಕೊನೆಗೆ. ಮಧ್ಯೆ ಹಾರ ಹಾಕಿದರೆ ಅವರು ಭಾಷಣ ಮಾಡಲೇಬೇಕಾಗುತ್ತದೆ, ಪಾಪ ಅವರ ತಪ್ಪಲ್ಲ.

ಭಾಷಣ ಮುಗಿಸೋದು ಹೇಗೆ? "ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ" ಅನ್ನಬೇಕಾ?

ಅನ್ನಬೇಡಿ, ಅದಾದ ಮೇಲೂ ಐದು ನಿಮಿಷ ಮಾತಾಡೋದು ನಮ್ಮ ಕಡೆ ರೂಢಿ. ಕೆರೆಯ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಬರೆದು ನೆಲದ ಮೇಲೆ ಹಾಸಿರಿ. ನಿಮ್ಮ ಮಾತು ಮುಗಿದ ತಕ್ಷಣ ಮೈಕನ್ನು ನೀರುಗಂಟಿ ಕೈಗೆ ಕೊಟ್ಟು, "ಅಜ್ಜ, ಹೂಳು ಎಲ್ಲಿ ಜಾಸ್ತಿ ನಿಂತಿದೆ ತೋರಿಸಿ" ಅನ್ನಿ. ಅಜ್ಜ ಮೈಕು ಪಕ್ಕಕ್ಕಿಟ್ಟು ಕೋಲಲ್ಲಿ ನಕ್ಷೆ ಮೇಲೆ ಗೆರೆ ಎಳೆಯೋಕೆ ಶುರು ಮಾಡುತ್ತಾರೆ. ಹಿಂದೆ ಕೂತವರು ಎದ್ದು ಹತ್ತಿರ ಬರುತ್ತಾರೆ. ನೀವು ಆಗ ಪಕ್ಕಕ್ಕೆ ಸರಿದು ಕೂತುಬಿಡಿ.